ಡಿಸ್ಚಾರ್ಜ್ ಕೋಡ್ 11: ಆಸ್ಪತ್ರೆಯ ಮಾಡೆಲ್‌ಗೆ ಉತ್ತರ ಮೊದಲೇ ಸಿಕ್ಕಿಬಿಟ್ಟರೆ

2024ರ ಆರಂಭದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಬಂದ ಒಂದು ಸುದ್ದಿ ಅನೇಕರನ್ನು ಗೊಂದಲಕ್ಕೆ ತಳ್ಳಿತು. ಸೋಂಕಿಗೆ ದೇಹ ಮಿತಿಮೀರಿ ಪ್ರತಿಕ್ರಿಯಿಸಿ ಅಂಗಾಂಗಗಳೇ ಕೈಕೊಡುವ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. ಅದು ಯಾವ ರೋಗಿಗೆ ಬರಬಹುದು ಎಂದು ಮುಂಚೆಯೇ ಹೇಳುವ ಒಂದು ಕಂಪ್ಯೂಟರ್ ಮಾಡೆಲ್ ಅಲ್ಲಿನ ಆಸ್ಪತ್ರೆಯಲ್ಲಿತ್ತು. ಎಪಿಕ್ ಎಂಬ ಕಂಪನಿಯ ಈ ಮಾಡೆಲ್ ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಸಂಶೋಧಕರು ಸುಮಾರು 77,000 ರೋಗಿಗಳ ದಾಖಲೆ ಇಟ್ಟುಕೊಂಡು ಅದನ್ನು ಪರೀಕ್ಷಿಸಿದರು.

ಸಿಕ್ಕಿದ್ದು ಒಂದು ಅಂಕ ಅಲ್ಲ, ಮೂರು. ರೋಗಿ ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನಗಳ ದಾಖಲೆ ಬಳಸಿದಾಗ ಮಾಡೆಲ್‌ಗೆ ನೂರಕ್ಕೆ 87. ಸೆಪ್ಸಿಸ್‌ನ ಲಕ್ಷಣಗಳು ಪೂರ್ತಿ ಕಾಣಿಸಿಕೊಳ್ಳುವ ಮುಂಚಿನ ದಾಖಲೆ ಮಾತ್ರ ಬಳಸಿದಾಗ 62. ವೈದ್ಯರು ಅನುಮಾನಪಟ್ಟು, ರಕ್ತದಲ್ಲಿ ರೋಗಾಣು ಇದೆಯಾ ಎಂದು ನೋಡುವ ಬ್ಲಡ್ ಕಲ್ಚರ್ ಪರೀಕ್ಷೆಗೆ ಬರೆಯುವುದಕ್ಕೂ ಮುಂಚಿನ ದಾಖಲೆ ಬಳಸಿದಾಗ ಬರೀ 53.

ಈ ಅಂಕವನ್ನು ಓದುವ ರೀತಿ ಸುಲಭ. ಸೆಪ್ಸಿಸ್ ಬಂದ ಒಬ್ಬರನ್ನೂ ಬರದ ಒಬ್ಬರನ್ನೂ ಆರಿಸಿ. ಮಾಡೆಲ್ ಮೊದಲನೆಯವರಿಗೆ ಹೆಚ್ಚು ಅಪಾಯ ಎಂದು ಹೇಳಿದರೆ ಸರಿ. ಇಂಥ ನೂರು ಜೋಡಿಗಳಲ್ಲಿ ಎಷ್ಟು ಸಲ ಸರಿ ಹೇಳುತ್ತದೆ ಅನ್ನುವುದೇ ಅಂಕ. ನಾಣ್ಯ ಚಿಮ್ಮಿ ಹೇಳಿದರೂ 50 ಬರುತ್ತದೆ. ಅಂದರೆ ನಿಜವಾಗಿ ಸಹಾಯ ಬೇಕಾದ ಹೊತ್ತಿನಲ್ಲಿ ಈ ಮಾಡೆಲ್ ನಾಣ್ಯಕ್ಕಿಂತ ಸ್ವಲ್ಪವೇ ಮೇಲಿತ್ತು.

ಮಾಡೆಲ್ ಒಂದೇ, ಆಸ್ಪತ್ರೆ ಒಂದೇ. ಬದಲಾದದ್ದು ಯಾವ ಹೊತ್ತಿನವರೆಗಿನ ಮಾಹಿತಿ ಅದರ ಕಣ್ಣಿಗೆ ಬಿತ್ತು ಅನ್ನುವುದು ಮಾತ್ರ. ಅಂಕ ಇಷ್ಟೊಂದು ಕುಸಿಯುವುದು ಹೇಗೆ ಎಂದು ತಿಳಿಯಲು ಇದಕ್ಕಿಂತ ಸರಳವಾದ, ಯಾರು ಬೇಕಾದರೂ ಡೌನ್‌ಲೋಡ್ ಮಾಡಿ ನೋಡಬಹುದಾದ ಒಂದು ಡೇಟಾ ಇದೆ. ಅದನ್ನೇ ಬಿಡಿಸಿ ನೋಡೋಣ.

## ಸೋರುವುದು ಏನು?

ಇಂಥ ಮಾಡೆಲ್‌ಗಳು ಹಳೆಯ ದಾಖಲೆಗಳಿಂದ ಕಲಿಯುತ್ತವೆ. ಪ್ರತಿ ರೋಗಿಗೂ ಒಂದು ಸಾಲು. ವಯಸ್ಸು, ಪರೀಕ್ಷೆಗಳು, ಔಷಧಿಗಳು ಒಂದೊಂದು ಕಾಲಂ. ಕೊನೆಗೆ ಒಂದು ಉತ್ತರದ ಕಾಲಂ: ಈ ರೋಗಿಗೆ ಮುಂದೆ ಏನಾಯಿತು? ಇದಕ್ಕೆ ಟಾರ್ಗೆಟ್ ಎನ್ನುತ್ತಾರೆ. ಬೇರೆ ಕಾಲಂಗಳನ್ನು ನೋಡಿ ಈ ಉತ್ತರವನ್ನು ಊಹಿಸುವುದನ್ನು ಮಾಡೆಲ್ ಕಲಿಯಬೇಕು.

ಉತ್ತರದ ಕಾಲಂ ಅನ್ನೇ ಮಾಡೆಲ್‌ಗೆ ತೋರಿಸುವಷ್ಟು ದಡ್ಡತನ ಯಾರೂ ಮಾಡುವುದಿಲ್ಲ. ತೊಂದರೆ ಬರುವುದು ಬೇರೆ ಹೆಸರಿನ ಕಾಲಂನಿಂದ. ಉತ್ತರ ಗೊತ್ತಾದ ಮೇಲೆ ಯಾರೋ ತುಂಬಿದ, ಆದರೆ ನೋಡಲು ಮಾಮೂಲಿ ಮಾಹಿತಿಯಂತಿರುವ ಕಾಲಂ ಅದು. ಮಾಡೆಲ್‌ಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಯಾವ ಕಾಲಂ ಉತ್ತರದ ಜೊತೆ ಹೊಂದುತ್ತದೋ ಅದನ್ನೇ ಹಿಡಿದುಕೊಳ್ಳುತ್ತದೆ. ಹೊಸ ರೋಗಿ ಬಂದಾಗ ಆ ಕಾಲಂ ಖಾಲಿ ಇರುತ್ತದೆ, ಯಾಕೆಂದರೆ ಅದನ್ನು ತುಂಬುವ ಕಾಲ ಇನ್ನೂ ಬಂದಿಲ್ಲ. ಇದನ್ನೇ ಟಾರ್ಗೆಟ್ ಲೀಕೇಜ್ ಎನ್ನುವುದು. ರೋಗಿಗಳ ಡೇಟಾ ಕಳ್ಳತನಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕೆಲವೊಮ್ಮೆ ಇಂಥ ಕಾಲಂಗೆ ವೈದ್ಯಕೀಯ ಅರ್ಥವೇ ಇರುವುದಿಲ್ಲ. 2008ರಲ್ಲಿ ಕೆಡಿಡಿ ಕಪ್ ಎಂಬ ಡೇಟಾ ವಿಶ್ಲೇಷಣೆಯ ಸ್ಪರ್ಧೆಯಲ್ಲಿ ಮ್ಯಾಮೊಗ್ರಾಂ ಡೇಟಾದಿಂದ ಸ್ತನ ಕ್ಯಾನ್ಸರ್ ಪತ್ತೆ ಮಾಡಬೇಕಿತ್ತು. ರೋಗಿಯ ಐಡಿ ಸಂಖ್ಯೆ ಯಾವ ಶ್ರೇಣಿಯಲ್ಲಿದೆ ಎಂದು ನೋಡಿದರೇ ಕ್ಯಾನ್ಸರ್ ಇರುವ ಸಾಧ್ಯತೆ ಎಷ್ಟು ಎಂದು ಹೇಳಬಹುದು ಅನ್ನುವುದನ್ನು ಗೆದ್ದ ಐಬಿಎಂ ತಂಡ ಕಂಡುಹಿಡಿಯಿತು. ಬೇರೆ ಬೇರೆ ಮೂಲಗಳ ರೋಗಿಗಳಿಗೆ ಬೇರೆ ಬೇರೆ ಶ್ರೇಣಿಯ ಐಡಿ ಸಿಕ್ಕಿದ್ದೇ ಕಾರಣ ಎಂದು ಆ ತಂಡದವರು ವಿವರಿಸಿದರು.

## 130 ಆಸ್ಪತ್ರೆಗಳ ಡೇಟಾ

ಈಗ ನಮ್ಮ ಉದಾಹರಣೆಗೆ ಬರೋಣ. ಅಮೆರಿಕದ 130 ಆಸ್ಪತ್ರೆಗಳಲ್ಲಿ 1999ರಿಂದ 2008ರವರೆಗೆ ದಾಖಲಾದ ಮಧುಮೇಹಿಗಳ ಒಂದು ಡೇಟಾ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರ ಇದನ್ನು ಎಲ್ಲರಿಗೂ ತೆರೆದಿಟ್ಟಿದೆ. ಒಟ್ಟು 1,01,766 ದಾಖಲಾತಿಗಳು. ಮಾಡೆಲ್ ಮಾಡುವುದನ್ನು ಕಲಿಯುವವರಲ್ಲಿ ತುಂಬ ಜನ ಇದರ ಮೇಲೆ ಕೈ ಪಳಗಿಸಿಕೊಂಡಿದ್ದಾರೆ.

ಪ್ರಶ್ನೆ ಹೀಗಿದೆ: ಡಿಸ್ಚಾರ್ಜ್ ಆದ ರೋಗಿ 30 ದಿನದೊಳಗೆ ಮತ್ತೆ ಆಸ್ಪತ್ರೆ ಸೇರುತ್ತಾರಾ? ಈ 30 ದಿನಕ್ಕೆ ಅಲ್ಲಿ ದುಡ್ಡಿನ ತೂಕ ಇದೆ. ಹೃದಯ ವೈಫಲ್ಯ, ನ್ಯುಮೋನಿಯಾದಂಥ ಕೆಲವು ಕಾಯಿಲೆಗಳಲ್ಲಿ ರೋಗಿಗಳು ನಿರೀಕ್ಷೆಗಿಂತ ಹೆಚ್ಚು ಮರಳಿ ಬಂದರೆ, ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2012ರ ಅಕ್ಟೋಬರ್‌ನಿಂದ ಆಸ್ಪತ್ರೆಗೆ ಕೊಡುವ ಹಣವನ್ನು ಕಡಿತ ಮಾಡುತ್ತಿದೆ. ಹಾಗಾಗಿ ಯಾರು ಮರಳಿ ಬರಬಹುದು ಎಂದು ಮೊದಲೇ ತಿಳಿದು, ಅವರ ಮನೆಗೆ ಫೋನ್ ಮಾಡಿ ವಿಚಾರಿಸುವುದು, ನರ್ಸ್ ಕಳಿಸುವುದು ಆಸ್ಪತ್ರೆಗೂ ರೋಗಿಗೂ ಒಳ್ಳೆಯದು.

ಉತ್ತರದ ಕಾಲಂ ಹೆಸರು `readmitted`. ಅದರಲ್ಲಿ ಮೂರೇ ಬೆಲೆಗಳು: `<30`, `>30`, `NO`. 30 ದಿನದೊಳಗೆ ಮರಳಿದವರು 11,357, ಅಂದರೆ ನೂರಕ್ಕೆ ಸುಮಾರು 11.2.

ಇದೇ ಡೇಟಾದಲ್ಲಿ `discharge_disposition_id` ಎಂಬ ಇನ್ನೊಂದು ಕಾಲಂ ಇದೆ. ರೋಗಿ ಆಸ್ಪತ್ರೆಯಿಂದ ಎಲ್ಲಿಗೆ ಹೋದರು ಎಂದು ಅದು ಹೇಳುತ್ತದೆ. ಆದರೆ ಪದಗಳಲ್ಲಿ ಅಲ್ಲ, ಅಂಕಿಯಲ್ಲಿ. 1 ಅಂದರೆ ಮನೆಗೆ. 3 ಅಂದರೆ ನರ್ಸಿಂಗ್ ಆರೈಕೆಯ ಕೇಂದ್ರಕ್ಕೆ. 7 ಅಂದರೆ ವೈದ್ಯರ ಸಲಹೆ ಮೀರಿ ಹೊರಟವರು. 13 ಮತ್ತು 14 ಅಂದರೆ ಕೊನೆಗಾಲದ ಆರೈಕೆಗೆ, ಅಂದರೆ ಹಾಸ್ಪಿಸ್‌ಗೆ. 11 ಅಂದರೆ ಸಾವು.

ಈ ಅರ್ಥಗಳು ಮುಖ್ಯ ಫೈಲ್‌ನಲ್ಲಿ ಇಲ್ಲ. ಜೊತೆಗೆ ಬರುವ `IDS_mapping.csv` ತೆರೆದರೆ ಮಾತ್ರ ಕಾಣುತ್ತವೆ. ಅದನ್ನು ತೆರೆಯದವರಿಗೆ 11 ಅನ್ನುವುದು 10ರ ನಂತರದ ಒಂದು ಅಂಕಿ, ಅಷ್ಟೇ.

## 11ರ ಸಾಲಿನಲ್ಲಿ ಏನಿದೆ

ಎರಡು ಕಾಲಂಗಳನ್ನು ಒಂದರ ಎದುರು ಒಂದು ಇಟ್ಟು ಎಣಿಸಲು ಮೂರೇ ಸಾಲು ಸಾಕು:

```python
import pandas as pd
df = pd.read_csv("diabetic_data.csv")
print(pd.crosstab(df["discharge_disposition_id"], df["readmitted"]))
```

ಕೋಡ್ 11ರ ಎದುರು 1,642 ದಾಖಲಾತಿಗಳಿವೆ. ಅಷ್ಟೂ `NO`. ಸತ್ತವರು ಮರಳಿ ಬರುವುದಿಲ್ಲ, ಅಲ್ವಾ? ಡೇಟಾ ತಪ್ಪು ಹೇಳುತ್ತಿಲ್ಲ. ಆದರೆ ಮಾಡೆಲ್ ಇದರಿಂದ ಕಲಿಯುವ ಪಾಠ ಭಯ ಹುಟ್ಟಿಸುವಂಥದ್ದು: 11 ಕಂಡರೆ ಅಪಾಯ ಸೊನ್ನೆ, ಈ ರೋಗಿಯ ಬಗ್ಗೆ ಚಿಂತೆ ಬೇಡ.

ಹಾಸ್ಪಿಸ್ ಕೋಡ್‌ಗಳ ಕಥೆ ಇದಕ್ಕೆ ಹತ್ತಿರದ್ದೇ, ಆದರೆ ಇಷ್ಟು ನೇರ ಅಲ್ಲ. 13 ಮತ್ತು 14ರಲ್ಲಿ ಸೇರಿ 771 ದಾಖಲಾತಿಗಳಿವೆ. ಇವರು ಬದುಕಿದ್ದಾರೆ. ಆದರೆ ಇನ್ನು ಆಸ್ಪತ್ರೆ ಬೇಡ, ನೋವು ಕಡಿಮೆ ಮಾಡಿದರೆ ಸಾಕು ಎಂದು ನಿರ್ಧಾರವಾಗಿದೆ. ಹಾಗಾಗಿ ಇವರಲ್ಲಿ ಮರಳಿ ಬರುವವರು ಕಡಿಮೆ. ಕಾಲಂ ಇಲ್ಲಿ ಉತ್ತರವನ್ನು ಪೂರ್ತಿ ಹೇಳುವುದಿಲ್ಲ, ಅರ್ಧ ಹೇಳುತ್ತದೆ. ನನ್ನ ಪ್ರಕಾರ ಹೆಚ್ಚು ಎಚ್ಚರ ಬೇಕಾದದ್ದು ಇಂಥವುಗಳ ಬಗ್ಗೆ. ಪೂರ್ತಿ ಸೋರಿದರೆ ಅಂಕ 99ಕ್ಕೆ ಹೋಗಿ ಯಾರಿಗಾದರೂ ಅನುಮಾನ ಬರುತ್ತದೆ. ಅರ್ಧ ಸೋರಿದರೆ ಅಂಕ ಸ್ವಲ್ಪ ಮೇಲೇರುತ್ತದೆ, ಮಾಡಿದವರು ಖುಷಿಪಟ್ಟು ಸುಮ್ಮನಾಗುತ್ತಾರೆ.

ಈ ಡೇಟಾವನ್ನು 2014ರಲ್ಲಿ ಮೊದಲು ಪ್ರಕಟಿಸಿದ ಸಂಶೋಧಕರು ಇದನ್ನು ಗಮನಿಸಿದ್ದರು. ಸಾವು ಮತ್ತು ಹಾಸ್ಪಿಸ್‌ನ ದಾಖಲಾತಿಗಳನ್ನು ತಮ್ಮ ವಿಶ್ಲೇಷಣೆಯಿಂದ ತೆಗೆದಿದ್ದರು. ಆದರೆ ಹಂಚಿಕೆಯಾದ ಫೈಲ್‌ನಲ್ಲಿ ಆ ಸಾಲುಗಳು ಹಾಗೇ ಉಳಿದಿವೆ. ಲೇಖನ ಓದದೆ ಫೈಲ್ ಮಾತ್ರ ತೆಗೆದುಕೊಂಡವರು ಅಲ್ಲೇ ಎಡವುತ್ತಾರೆ.

## ಕಾಲಂ ತೆಗೆದರೆ ಸರಿಹೋಗುತ್ತದಾ?

ಸೋರಿಕೆ ಗೊತ್ತಾದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ, ಆ ಕಾಲಂ ಅಳಿಸುವುದು. ಈ ಡೇಟಾದ ಮಟ್ಟಿಗೆ ಇದು ಅರ್ಧ ಮದ್ದು. ಕೆಲವೊಮ್ಮೆ ಕಾಯಿಲೆಯನ್ನು ಇನ್ನೂ ಒಳಗೆ ತಳ್ಳುತ್ತದೆ.

ಯಾಕೆಂದು ನಿಧಾನವಾಗಿ ನೋಡೋಣ. ಕಾಲಂ ಅಳಿಸಿದಿರಿ. ಆದರೆ ಸತ್ತ 1,642 ದಾಖಲಾತಿಗಳು ಅಲ್ಲೇ ಇವೆ, `NO` ಎಂಬ ಹಣೆಪಟ್ಟಿಯ ಜೊತೆಗೆ. ಈಗ ಮಾಡೆಲ್‌ಗೆ ಅವರು ಸತ್ತರು ಅನ್ನುವುದು ಗೊತ್ತಿಲ್ಲ. ಅದಕ್ಕೆ ಕಾಣುವುದು ವಯಸ್ಸಾದವರು, ಹೆಚ್ಚು ಔಷಧಿ ತೆಗೆದುಕೊಂಡವರು, ಹಲವು ಕಾಯಿಲೆ ಇದ್ದವರು, ಆದರೂ ಮರಳಿ ಬರಲಿಲ್ಲ ಅನ್ನುವುದು. ಹೀಗಾಗಿ ತೀವ್ರ ಕಾಯಿಲೆಯ ಗುರುತುಗಳೇ ಕಡಿಮೆ ಅಪಾಯದ ಗುರುತುಗಳಾಗಿ ಕಾಣತೊಡಗುತ್ತವೆ.

ಲೆಕ್ಕಕ್ಕಾಗಿ ಎರಡು ಕಾಲ್ಪನಿಕ ಗುಂಪು ಇಟ್ಟುಕೊಳ್ಳಿ. ಮೊದಲ ಗುಂಪಿನಲ್ಲಿ ತೀವ್ರ ಕಾಯಿಲೆಯ 100 ಮಂದಿ. 20 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಮನೆಗೆ ಹೋದ 80 ಮಂದಿಯಲ್ಲಿ 16 ಮಂದಿ ತಿಂಗಳೊಳಗೆ ಮರಳಿದರು. ಎರಡನೇ ಗುಂಪಿನಲ್ಲಿ ಅಷ್ಟೇನೂ ತೀವ್ರವಲ್ಲದ 100 ಮಂದಿ. ಒಬ್ಬರು ತೀರಿಕೊಂಡರು. ಉಳಿದ 99ರಲ್ಲಿ 17 ಮಂದಿ ಮರಳಿದರು.

ಮನೆಗೆ ಹೋದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಮೊದಲ ಗುಂಪಿನ ಅಪಾಯ ನೂರಕ್ಕೆ 20, ಎರಡನೆಯದು ನೂರಕ್ಕೆ ಸುಮಾರು 17.2. ಫೋನ್ ಮೊದಲು ಹೋಗಬೇಕಾದದ್ದು ಮೊದಲ ಗುಂಪಿಗೆ. ಸತ್ತವರನ್ನೂ 'ಮರಳಿಲ್ಲ' ಎಂದು ಸೇರಿಸಿದರೆ ಮೊದಲ ಗುಂಪು 16ಕ್ಕೆ ಇಳಿಯುತ್ತದೆ, ಎರಡನೆಯದು 17ರಲ್ಲಿ ನಿಲ್ಲುತ್ತದೆ. ಸರದಿ ತಿರುಗುಮುರುಗಾಯಿತು. ಹೆಚ್ಚು ನರಳುತ್ತಾ ಮನೆಗೆ ಹೋದವರು ಪಟ್ಟಿಯಲ್ಲಿ ಕೆಳಗೆ ಬಿದ್ದರು. ಇದಕ್ಕೆ ಯಾವ ಕಾಲಂ ಅನ್ನೂ ದೂರುವಂತಿಲ್ಲ, ಯಾಕೆಂದರೆ ಅಳಿಸಿಯಾಗಿದೆ.

ಹಾಗಾಗಿ ತೆಗೆಯಬೇಕಾದದ್ದು ಆ ರೋಗಿಗಳ ಸಾಲುಗಳನ್ನು. ಮರಳಿ ಬರುವ ಸಾಧ್ಯತೆಯೇ ಇಲ್ಲದವರ ಬಗ್ಗೆ 'ಮರಳುತ್ತಾರಾ' ಎಂದು ಕೇಳುವುದರಲ್ಲಿ ಅರ್ಥ ಇಲ್ಲ. ಮೆಡಿಕೇರ್ ಕೂಡ ಮರುದಾಖಲಾತಿಯ ಲೆಕ್ಕವನ್ನು ಜೀವಂತ ಡಿಸ್ಚಾರ್ಜ್ ಆದವರಿಗೆ ಮಾತ್ರ ಮಾಡುತ್ತದೆ.

```python
gone = [11, 13, 14, 19, 20, 21]
df = df[~df["discharge_disposition_id"].isin(gone)]
```

19, 20, 21 ಕೂಡ ಸಾವಿನ ಕೋಡ್‌ಗಳೇ, ಬಡವರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೇಡ್‌ನಡಿ ಹಾಸ್ಪಿಸ್‌ನಲ್ಲಿದ್ದ ರೋಗಿಗಳದ್ದು. ಇಷ್ಟನ್ನು ತೆಗೆದ ಮೇಲೆ 99,343 ಸಾಲು ಉಳಿಯುತ್ತವೆ. ಮರಳುವವರ ಪ್ರಮಾಣ ನೂರಕ್ಕೆ 11.2ರಿಂದ ಸುಮಾರು 11.4ಕ್ಕೆ ಏರುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಎಂದು ಕೇಳಬಹುದು. ಒಟ್ಟು ಸರಾಸರಿಯಲ್ಲಿ ವ್ಯತ್ಯಾಸ ಸಣ್ಣದು, ನಿಜ. ಆದರೆ ತೆಗೆದ ಸಾಲುಗಳು ಎಲ್ಲ ರೋಗಿಗಳ ನಡುವೆ ಸಮವಾಗಿ ಹರಡಿಕೊಂಡಿಲ್ಲ. ತೀರಾ ಅಸ್ವಸ್ಥರ ನಡುವೆಯೇ ಜಾಸ್ತಿ ಸೇರಿಕೊಂಡಿವೆ. ಮಾಡೆಲ್ ಬೇಕಾಗಿರುವುದೂ ಅವರಿಗಾಗಿಯೇ.

## ಅದೇ ಕಾಲಂ, ಇನ್ನೊಂದು ಹೊತ್ತಿನಲ್ಲಿ

ಹಾಗಾದರೆ ಡಿಸ್ಚಾರ್ಜ್ ಕೋಡ್ ಯಾವಾಗಲೂ ಕೆಟ್ಟದ್ದಾ? ಅಲ್ಲ. ಡಿಸ್ಚಾರ್ಜ್ ಕಾಗದಕ್ಕೆ ಸಹಿ ಬೀಳುವ ಹೊತ್ತಿಗೆ ಮಾಡೆಲ್ ಓಡಿಸುತ್ತೇವೆ ಎಂದಿಟ್ಟುಕೊಳ್ಳಿ. ಆಗ ರೋಗಿ ಮನೆಗೆ ಹೋಗುತ್ತಿದ್ದಾರಾ, ನರ್ಸಿಂಗ್ ಕೇಂದ್ರಕ್ಕಾ ಅನ್ನುವುದು ಗೊತ್ತಿರುವ ವಿಷಯ. ಅದು ಮರಳಿ ಬರುವ ಸಾಧ್ಯತೆಯ ಬಗ್ಗೆ ನಿಜವಾದ ಮಾಹಿತಿ ಕೊಡುತ್ತದೆ. ಅದನ್ನು ಬಳಸುವುದರಲ್ಲಿ ತಪ್ಪಿಲ್ಲ.

ಅದೇ ಮಾಡೆಲನ್ನು ರೋಗಿ ದಾಖಲಾದ ದಿನವೇ ಓಡಿಸಬೇಕು ಎಂದಾದರೆ ಎಲ್ಲ ಬದಲಾಗುತ್ತದೆ. ಡಿಸ್ಚಾರ್ಜ್ ಕೋಡ್ ಇನ್ನೂ ಹುಟ್ಟೇ ಇಲ್ಲ. ಅದೊಂದೇ ಅಲ್ಲ. `time_in_hospital` ಅಂದರೆ ಎಷ್ಟು ದಿನ ಇದ್ದರು ಎಂದು. ಮೊದಲ ದಿನ ಅದು ಯಾರಿಗೆ ಗೊತ್ತು? `num_lab_procedures`, `num_medications` ಆ ದಾಖಲಾತಿ ಮುಗಿಯುವ ಹೊತ್ತಿನ ಒಟ್ಟು ಲೆಕ್ಕಗಳು. ಅವೂ ಮುಂದೆ ಬರೆಯಬೇಕಾದವು.

ಆದರೆ `number_inpatient`, `number_emergency` ನೋಡಿ. ಹೆಸರು ಹೆಚ್ಚುಕಡಿಮೆ ಅದೇ ಧಾಟಿಯದು. ಇವು ಹಿಂದಿನ ಒಂದು ವರ್ಷದಲ್ಲಿ ಎಷ್ಟು ಸಲ ಬಂದಿದ್ದರು ಎಂಬ ಲೆಕ್ಕ. ಮೊದಲ ದಿನವೇ ಗೊತ್ತಿರುತ್ತದೆ, ಧಾರಾಳವಾಗಿ ಬಳಸಬಹುದು. ಕಾಲಂನ ಹೆಸರು ಓದಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಆ ಬೆಲೆಯನ್ನು ಯಾರು, ಯಾವ ಗಳಿಗೆಯಲ್ಲಿ ಬರೆದರು ಎಂದು ಕೇಳಿದರೆ ಮಾತ್ರ ತಿಳಿಯುತ್ತದೆ.

## ರೋಗದ ಕೋಡ್‌ಗಳೂ ಕೊನೆಗೇ ಬರುತ್ತವೆ

ಡಿಸ್ಚಾರ್ಜ್ ಕೋಡ್‌ಗೆ ಕನಿಷ್ಠ ಅದರ ಹೆಸರಿನಲ್ಲೇ 'ಡಿಸ್ಚಾರ್ಜ್' ಎಂದಿದೆ. ರೋಗನಿದಾನದ ಕೋಡ್‌ಗಳಲ್ಲಿ ಆ ಸುಳಿವೂ ಇಲ್ಲ. ಐಸಿಡಿ ಎಂದು ಕರೆಯುವ ಈ ಕೋಡ್‌ಗಳನ್ನು ನೋಡಿದರೆ ರೋಗಿ ಬಂದಾಗಲೇ ವೈದ್ಯರು ಬರೆದಂತೆ ಅನಿಸುತ್ತದೆ. ವಾಸ್ತವದಲ್ಲಿ ಬಿಲ್ಲಿಂಗ್‌ಗಾಗಿ ಕೋಡಿಂಗ್ ಸಿಬ್ಬಂದಿ ಇಡೀ ಕೇಸ್ ಶೀಟ್ ಓದಿ ಡಿಸ್ಚಾರ್ಜ್ ಆದ ಮೇಲೆ ಇವನ್ನು ಹಾಕುತ್ತಾರೆ. ಸಂಶೋಧನೆಯಲ್ಲಿ ಬಹಳ ಬಳಕೆಯಾಗುವ, ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಮಿಮಿಕ್ ಡೇಟಾದಲ್ಲಿರುವ ಐಸಿಡಿ ಕೋಡ್‌ಗಳೂ ಹೀಗೆ ಬಂದವೇ.

ಈಗ ಯಾರೋ ಈ ಕೋಡ್‌ಗಳನ್ನು ಬಳಸಿ, ಅದೇ ದಾಖಲಾತಿಯಲ್ಲಿ ರೋಗಿ ಸಾಯುತ್ತಾರಾ ಎಂದು ಊಹಿಸುವ ಮಾಡೆಲ್ ಮಾಡುತ್ತಾರೆ. ಪಟ್ಟಿಯಲ್ಲಿ `G93.82` ಇದೆ, ಅದು ಮೆದುಳು ಸಾವು. `I46.9`, ಹೃದಯ ಸ್ತಂಭನ. `Z51.5`, ಕೊನೆಗಾಲದ ಉಪಶಮನ ಆರೈಕೆ. `Z66`, ಹೃದಯ ನಿಂತರೆ ಮತ್ತೆ ಎಬ್ಬಿಸುವ ಪ್ರಯತ್ನ ಬೇಡ ಎಂಬ ಸೂಚನೆ. ಇವನ್ನೆಲ್ಲ ನೋಡಿ ಸಾವನ್ನು ಊಹಿಸುವುದಕ್ಕೆ ಮಾಡೆಲ್ ಯಾಕೆ ಬೇಕು? ಆದರೆ ಸಾವಿರಾರು ಕೋಡ್‌ಗಳ ನಡುವೆ ಇವು ಹುದುಗಿಕೊಂಡಿರುವಾಗ ಕಣ್ಣಿಗೆ ಬೀಳುವುದಿಲ್ಲ. ಅಂಕ ಮಾತ್ರ ಚೆನ್ನಾಗಿ ಬರುತ್ತದೆ.

ಇದಕ್ಕೊಂದು ಭಾಗಶಃ ಪರಿಹಾರ ಇದೆ. ಈ ಕಾಯಿಲೆ ದಾಖಲಾಗುವಾಗಲೇ ಇತ್ತಾ, ಆಮೇಲೆ ಬಂತಾ ಎಂಬ ಗುರುತನ್ನು ಪ್ರತಿ ಕೋಡ್ ಜೊತೆ ಹಾಕುವುದನ್ನು ಮೆಡಿಕೇರ್ 2007ರ ಅಕ್ಟೋಬರ್‌ನಿಂದ ಕಡ್ಡಾಯ ಮಾಡಿದೆ. ದಾಖಲಾಗುವಾಗ ಇದ್ದವನ್ನು ಮಾತ್ರ ಇಟ್ಟುಕೊಂಡರೆ ಸೋರಿಕೆ ಬಹಳ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ಆ ಗುರುತನ್ನೂ ಹಾಕುವುದು ಕೊನೆಯಲ್ಲೇ. ಮೊದಲ ದಿನ ದೇಹದಲ್ಲಿದ್ದ ಕಾಯಿಲೆ ಮೊದಲ ದಿನ ವೈದ್ಯರಿಗೆ ಗೊತ್ತಿತ್ತು ಎಂದೇನೂ ಇಲ್ಲ.

## ಪರೀಕ್ಷೆಯಲ್ಲಿ ಯಾಕೆ ಸಿಕ್ಕಿಬೀಳುವುದಿಲ್ಲ

ಮಾಡೆಲ್ ಮಾಡುವವರು ಡೇಟಾದ ಒಂದು ಪಾಲನ್ನು ಬದಿಗಿಟ್ಟು ಅದರ ಮೇಲೆ ಪರೀಕ್ಷೆ ಮಾಡುತ್ತಾರಲ್ಲ, ಅಲ್ಲೇ ಗೊತ್ತಾಗಬಾರದಾ? ಗೊತ್ತಾಗುವುದಿಲ್ಲ. ಬದಿಗಿಟ್ಟ ಪಾಲು ಕೂಡ ಅದೇ ಹಳೆಯ ಫೈಲ್‌ನದ್ದು. ಅಲ್ಲೂ 11 ತುಂಬಿದೆ, `Z66` ತುಂಬಿದೆ. ಸೋರುವ ಕಾಲಂ ಎರಡೂ ಕಡೆ ಒಂದೇ ರೀತಿ ಕೆಲಸ ಮಾಡುತ್ತದೆ. ಹತ್ತು ಸಲ ಬೇರೆ ಬೇರೆ ರೀತಿ ಹಂಚಿ ಪರೀಕ್ಷಿಸಿದರೂ ಹತ್ತು ಸಲವೂ ಅದೇ ಒಳ್ಳೆಯ ಅಂಕ ಬರುತ್ತದೆ. ಇಂಥ ಪರೀಕ್ಷೆ ಬಾಯಿಪಾಠವನ್ನು ಹಿಡಿಯುತ್ತದೆ, ಸೋರಿಕೆಯನ್ನು ಹಿಡಿಯುವುದಿಲ್ಲ.

ಇದು ಬಿಡಿ ಘಟನೆಗಳ ಮಾತಲ್ಲ. ಪ್ರಿನ್ಸ್‌ಟನ್‌ನ ಸಯಾಶ್ ಕಪೂರ್ ಮತ್ತು ಅರವಿಂದ್ ನಾರಾಯಣನ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 17 ಕ್ಷೇತ್ರಗಳ 294 ಸಂಶೋಧನಾ ಲೇಖನಗಳು ಒಂದಲ್ಲ ಒಂದು ಬಗೆಯ ಸೋರಿಕೆಗೆ ತುತ್ತಾಗಿದ್ದವು. ಅವರು ಕೊಡುವ ಒಂದು ಉದಾಹರಣೆ ಎಲ್ಲರಿಗೂ ಅರ್ಥವಾಗುವಂಥದ್ದು: ಯಾರಿಗೆ ಬಿಪಿ ಬರುತ್ತದೆ ಎಂದು ಊಹಿಸುವ ಮಾಡೆಲ್‌ಗೆ, ಆ ವ್ಯಕ್ತಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ಅನ್ನುವುದನ್ನೂ ಕೊಟ್ಟಿದ್ದರು.

## ವೈದ್ಯರ ಅನುಮಾನ ಮಾಹಿತಿಯೋ, ಉತ್ತರವೋ?

ಈಗ ಮಿಷಿಗನ್‌ನ ಮೂರು ಅಂಕಗಳಿಗೆ ಬರೋಣ. ಇಲ್ಲಿ ಕೋಡ್ 11ರಂಥ ನೇರ ಸೋರಿಕೆ ಇಲ್ಲ. ಆದರೆ ಮಾಡೆಲ್ ನೋಡುತ್ತಿದ್ದ ಅಂಶಗಳಲ್ಲಿ, ರೋಗಿಗೆ ಆಂಟಿಬಯೋಟಿಕ್ ಬರೆದಿದ್ದಾರಾ ಎಂಬುದೂ ಒಂದಾಗಿತ್ತು. ವೈದ್ಯರಿಗೆ ಸೋಂಕಿನ ಅನುಮಾನ ಬಂದಾಗ ರಕ್ತ ಪರೀಕ್ಷೆಗೆ ಕಳಿಸುತ್ತಾರೆ, ಔಷಧಿ ಶುರುಮಾಡುತ್ತಾರೆ. ಅದು ದಾಖಲೆಯಲ್ಲಿ ಕಾಣುತ್ತದೆ. ಕೂಡಲೇ ಮಾಡೆಲ್ ಆ ರೋಗಿಗೆ ಹೇಳುವ ಅಪಾಯ ಏರುತ್ತದೆ. ಅಂದರೆ ವೈದ್ಯರು ಆಗಲೇ ಕಂಡುಕೊಂಡದ್ದನ್ನು ಮಾಡೆಲ್ ಅವರಿಗೇ ವಾಪಸ್ ಹೇಳುತ್ತಿತ್ತು.

ಇದಕ್ಕೆ ಎದುರು ವಾದ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ವೈದ್ಯರ ಆರ್ಡರ್ ಕೂಡ ಮಾಹಿತಿಯೇ. ಸಂಜೆ ಪಾಳಿಯ ವೈದ್ಯರು ಔಷಧಿ ಬರೆದು ಹೋದರು, ರಾತ್ರಿ ಪಾಳಿಯವರಿಗೆ ಅದರ ಗಂಭೀರತೆ ಗೊತ್ತಿಲ್ಲ. ಅಂಥಲ್ಲಿ ಒಂದು ಎಚ್ಚರಿಕೆ ಉಪಯೋಗಕ್ಕೆ ಬರಬಹುದು. ಚಿಕಿತ್ಸೆ ಶುರುವಾದ ಮೇಲೂ ಯಾರ ಸ್ಥಿತಿ ಬಿಗಡಾಯಿಸುತ್ತದೆ ಎಂದು ತಿಳಿಯುವುದಕ್ಕೆ ಬೆಲೆ ಇದೆ. ಆಸ್ಪತ್ರೆಗಳ ಸಾವಿನ ಪ್ರಮಾಣವನ್ನು ವರ್ಷದ ಕೊನೆಗೆ ಹೋಲಿಸುವವರು ಕೂಡ ಕೊನೆಯಲ್ಲಿ ಹಾಕಿದ ಕೋಡ್‌ಗಳನ್ನು ಬಳಸುತ್ತಾರೆ. ಯಾವ ಆಸ್ಪತ್ರೆಗೆ ಎಂಥ ರೋಗಿಗಳು ಬಂದಿದ್ದರು ಎಂದು ಸರಿದೂಗಿಸಲು ಅದು ಬೇಕು. ಅವರು ಮುಂದಾಗುವುದನ್ನು ಹೇಳುತ್ತಿಲ್ಲ, ಆಗಿಹೋದದ್ದನ್ನು ಲೆಕ್ಕ ಹಾಕುತ್ತಿದ್ದಾರೆ.

ನನಗೆ ತೋಚುವಂತೆ ಜಗಳ ಕಾಲಂ ಬಗ್ಗೆ ಇರಬೇಕಾಗಿಲ್ಲ. ಆರ್ಡರ್ ಬಳಸಿ, ಪರವಾಗಿಲ್ಲ. ಆದರೆ 'ನಾವು ಮೊದಲೇ ಎಚ್ಚರಿಸುತ್ತೇವೆ' ಎಂದು ಮಾರುವಾಗ, ವೈದ್ಯರಿಗೆ ಅನುಮಾನ ಬರುವ ಮುಂಚಿನ ಅಂಕವನ್ನೇ ತೋರಿಸಬೇಕು. 87 ತೋರಿಸಿ 53ರ ಕೆಲಸಕ್ಕೆ ಕೂರಿಸುವುದು ಸರಿಯಲ್ಲ.

ಕೂರಿಸಿದರೆ ಏನಾಗುತ್ತದೆ ಎಂದು 2021ರ ಇನ್ನೊಂದು ಮಿಷಿಗನ್ ಅಧ್ಯಯನ ತೋರಿಸಿತ್ತು. ಕಂಪನಿ ಈ ಮಾಡೆಲ್‌ಗೆ ಹೇಳುತ್ತಿದ್ದ ಅಂಕ 76ರಿಂದ 83. ಅಲ್ಲಿ ಸಿಕ್ಕಿದ್ದು 63. ಎಲ್ಲ ದಾಖಲಾತಿಗಳಲ್ಲಿ ನೂರಕ್ಕೆ 18ರಲ್ಲಿ ಎಚ್ಚರಿಕೆ ಗಂಟೆ ಹೊಡೆದಿತ್ತು. ಆದರೂ ಸೆಪ್ಸಿಸ್ ಬಂದವರಲ್ಲಿ ನೂರಕ್ಕೆ 67 ಮಂದಿಯನ್ನು ಗುರುತಿಸಿರಲಿಲ್ಲ. ನರ್ಸ್‌ಗಳಿಗೆ ಗಂಟೆ ಕೇಳಿ ಕೇಳಿ ಸಾಕಾಗುತ್ತದೆ, ನಿಜವಾದ ಗಂಟೆಗೂ ಕಿವಿಗೊಡದಂತಾಗುತ್ತದೆ. ಆ ಅಧ್ಯಯನದ ವಿಧಾನವನ್ನು ಎಪಿಕ್ ಒಪ್ಪಲಿಲ್ಲ. ಆದರೆ 2022ರಲ್ಲಿ ಮಾಡೆಲನ್ನು ಪರಿಷ್ಕರಿಸಿತು. ಪ್ರತಿ ಆಸ್ಪತ್ರೆ ತನ್ನದೇ ಡೇಟಾದಲ್ಲಿ ಅದಕ್ಕೆ ತರಬೇತಿ ಕೊಡಬೇಕೆಂದೂ ಸಲಹೆ ಮಾಡಿತು.

## ಪತ್ತೆ ಮಾಡುವುದು ಹೇಗೆ

ಮೊದಲು ಒಂದು ಗಳಿಗೆ ನಿಗದಿ ಮಾಡಬೇಕು. ಮಾಡೆಲ್ ಯಾವಾಗ ಓಡುತ್ತದೆ? ದಾಖಲಾಗಿ 24 ಗಂಟೆಗೋ, ಡಿಸ್ಚಾರ್ಜ್ ದಿನ ಬೆಳಿಗ್ಗೆಯೋ? ಅದು ತೀರ್ಮಾನವಾಗದೆ ಯಾವ ಕಾಲಂ ಸೋರುತ್ತದೆ ಎಂದು ಹೇಳಲು ಸಾಧ್ಯವೇ ಇಲ್ಲ. ಆಮೇಲೆ ಪ್ರತಿ ಕಾಲಂ ಎದುರು ಅದು ತುಂಬಿದ ಹೊತ್ತನ್ನು ಬರೆಯಬೇಕು. ಇದು ಕಂಪ್ಯೂಟರ್ ಮುಂದೆ ಕೂತು ಮುಗಿಸುವ ಕೆಲಸ ಅಲ್ಲ. ಮೆಡಿಕಲ್ ರೆಕಾರ್ಡ್ಸ್ ವಿಭಾಗದವರನ್ನು, ವಾರ್ಡ್ ನರ್ಸ್‌ಗಳನ್ನು, ಬಿಲ್ಲಿಂಗ್‌ನವರನ್ನು ಕೇಳಬೇಕು. ಊಹಿಸುವ ಮಾಡೆಲ್‌ಗಳ ಗುಣಮಟ್ಟ ಅಳೆಯಲು 2019ರಲ್ಲಿ ಬಂದ ಪ್ರೋಬಾಸ್ಟ್ ಎಂಬ ಪಟ್ಟಿಯಲ್ಲೂ, ಬಳಸುವ ಹೊತ್ತಿಗೆ ಈ ಎಲ್ಲ ಮಾಹಿತಿ ಸಿಗುತ್ತದಾ ಎಂಬ ಪ್ರಶ್ನೆ ಇದೆ.

ಎಣಿಕೆಯಿಂದಲೂ ಸುಳಿವು ಸಿಗುತ್ತದೆ. ಯಾವುದಾದರೂ ಒಂದು ಬೆಲೆಯ ಎದುರು ಉತ್ತರ ಪೂರ್ತಿ ಒಂದೇ ಕಡೆ ವಾಲಿದ್ದರೆ, 1,642ಕ್ಕೆ 1,642 `NO` ಎಂದಿದ್ದಂತೆ, ನಿಲ್ಲಿಸಿ ಕೇಳಬೇಕು. ಒಂದೊಂದೇ ಕಾಲಂ ಕೊಟ್ಟು ಮಾಡೆಲ್ ಓಡಿಸಿದಾಗ ಯಾವುದೋ ಒಂದೇ ಎಲ್ಲದರಷ್ಟು ಅಂಕ ತಂದರೂ ಅಷ್ಟೇ. ಖಾಲಿ ಜಾಗಗಳನ್ನೂ ನೋಡಬೇಕು. ಕೆಲವೊಮ್ಮೆ ಬೆಲೆ ಏನು ಅನ್ನುವುದಕ್ಕಿಂತ ಬೆಲೆ ತುಂಬಿದೆಯಾ ಇಲ್ಲವಾ ಅನ್ನುವುದೇ ಉತ್ತರ ಹೇಳುತ್ತದೆ.

ಅರ್ಧ ಸೋರುವ ಕಾಲಂಗಳು ಇಷ್ಟಕ್ಕೂ ಸಿಗದಿರಬಹುದು. ಅವನ್ನು ಹಿಡಿಯುವ ಗಟ್ಟಿ ದಾರಿ ಮಿಷಿಗನ್‌ನವರು ಮಾಡಿದ್ದು: ದಾಖಲೆಯನ್ನು ಸಮಯದ ಪ್ರಕಾರ ಕತ್ತರಿಸಿ, ಒಂದೊಂದು ಹೊತ್ತಿಗೂ ಬೇರೆ ಬೇರೆ ಅಂಕ ಲೆಕ್ಕ ಹಾಕುವುದು. ಇನ್ನೂ ಗಟ್ಟಿಯಾದದ್ದು, ಮಾಡೆಲನ್ನು ಕೆಲವು ತಿಂಗಳು ಯಾರಿಗೂ ತೋರಿಸದೆ ಹಿನ್ನೆಲೆಯಲ್ಲಿ ಓಡಿಸುವುದು. ಅದು ಆ ಕ್ಷಣ ಹೇಳಿದ್ದನ್ನು ಬರೆದಿಟ್ಟು, ನಡೆದದ್ದರ ಜೊತೆ ಆಮೇಲೆ ಹೋಲಿಸುವುದು. ಇನ್ನೂ ಬರೆಯದ ಕೋಡ್ ಅಲ್ಲಿ ಸೋರಲಾರದು.

## ನಮ್ಮಲ್ಲಿ ನೋಡಬೇಕಾದ ಕೋಡ್

ಭಾರತದ ಆಸ್ಪತ್ರೆಗಳ ಡಿಸ್ಚಾರ್ಜ್ ಕಾಲಂನಲ್ಲಿ 'ಲಾಮಾ' ಅಥವಾ 'ಡಾಮಾ' ಎಂಬ ಬೆಲೆ ಇರುತ್ತದೆ. ವೈದ್ಯರ ಸಲಹೆ ಮೀರಿ, ಬರೆದುಕೊಟ್ಟು ಹೊರಟವರು ಎಂದರ್ಥ. ಅಮೆರಿಕದ ಡೇಟಾದ ಕೋಡ್ 7 ಕೂಡ ಹೆಸರಿಗೆ ಇದೇ. ಆದರೆ ಇಲ್ಲಿ ಅದರ ಹಿಂದೆ ತೀರಾ ಬೇರೆ ಬೇರೆ ಕಥೆಗಳಿರುತ್ತವೆ. ಕೆಲವರು ಬಿಲ್ ಕಟ್ಟಲಾಗದೆ ಹೋದವರು. ಕೆಲವರು ಸರ್ಕಾರಿ ಆಸ್ಪತ್ರೆಗೆ ಹೋದವರು. ಇನ್ನು ಎಷ್ಟೋ ಮಂದಿ ಐಸಿಯುನಲ್ಲಿ ಇನ್ನು ಉಳಿಯುವುದಿಲ್ಲ ಎಂದು ತಿಳಿದ ಮೇಲೆ, ಕೊನೆಯುಸಿರು ಮನೆಯಲ್ಲೇ ಹೋಗಲಿ ಎಂದು ಮನೆಯವರು ಕರೆದುಕೊಂಡು ಹೋದವರು.

ಆಸ್ಪತ್ರೆಯ ದಾಖಲೆಯಲ್ಲಿ ಇವರು ಸತ್ತವರಲ್ಲ. ಜೀವಂತ ಹೋದವರು. ಹಾಗಾಗಿ ಸಾವನ್ನು ಊಹಿಸುವ ಮಾಡೆಲ್‌ಗೆ ಇವರು 'ಬದುಕಿದವರು' ಆಗಿ ಕಾಣುತ್ತಾರೆ, ಮರುದಾಖಲಾತಿ ಊಹಿಸುವ ಮಾಡೆಲ್‌ಗೆ 'ಮರಳದವರು' ಆಗಿ ಕಾಣುತ್ತಾರೆ. ಎರಡೂ ಕಡೆ ತೀರಾ ಅಸ್ವಸ್ಥರು ಸುರಕ್ಷಿತರ ಗುಂಪಿಗೆ ಸೇರುತ್ತಾರೆ. ಕೋಡ್ 11ರ ಸಾಲುಗಳನ್ನು ಒಂದು ಸಾಲಿನ ಆದೇಶದಲ್ಲಿ ತೆಗೆಯಬಹುದು. ಲಾಮಾ ಸಾಲುಗಳನ್ನು ಹಾಗೆ ತೆಗೆದರೆ ಬಡತನದಿಂದ ಹೊರಟವರೂ ಲೆಕ್ಕದಿಂದ ಹೊರಗುಳಿಯುತ್ತಾರೆ. ಮರಳಿ ಬರುವ ಅಪಾಯ ಅವರಿಗೇ ಹೆಚ್ಚಿರಬಹುದು.

ಇಲ್ಲಿ ಸುಲಭದ ದಾರಿ ಇಲ್ಲ. 30 ದಿನ ಆದ ಮೇಲೆ ಮನೆಗೆ ಫೋನ್ ಮಾಡಿ, ರೋಗಿ ಹೇಗಿದ್ದಾರೆ, ಬೇರೆ ಆಸ್ಪತ್ರೆಗೆ ಸೇರಿದ್ದರಾ ಎಂದು ವಿಚಾರಿಸಿ ಉತ್ತರದ ಕಾಲಂ ತುಂಬಬೇಕಾಗುತ್ತದೆ. ಅಷ್ಟು ಆಗದಿದ್ದರೆ, ಲಾಮಾ ಸಾಲುಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಅಂಕ ಲೆಕ್ಕ ಹಾಕಿ ಎರಡನ್ನೂ ಪ್ರಕಟಿಸಬೇಕು. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಆ ಮಾಡೆಲನ್ನು ವಾರ್ಡ್‌ಗೆ ತರುವ ಸಮಯ ಇನ್ನೂ ಬಂದಿಲ್ಲ.